11 ತಿಂಗಳ ಕರಾರು, 24 ತಿಂಗಳ ಬೀಗ

ಹಂಪನಕಟ್ಟೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಗೆಳೆಯನ ಬಾಡಿಗೆ ಎಗ್ರಿಮೆಂಟ್ ಓದುತ್ತಿದ್ದೆ. ಮೊದಲ ಪುಟದಲ್ಲಿ ಅವಧಿ 11 ತಿಂಗಳು ಎಂದಿತ್ತು. ಪುಟ ತಿರುವಿದರೆ, ಲಾಕ್-ಇನ್ 24 ತಿಂಗಳು! ಅದಕ್ಕೆ ಮೊದಲೇ ಬಿಟ್ಟರೆ ಉಳಿದ ತಿಂಗಳುಗಳ ಬಾಡಿಗೆಯನ್ನೆಲ್ಲ ಕೊಡಬೇಕು. “ಇದೆಂಥದು ಮಾರಾಯ್ರೆ?” ಎಂದೆ. “ಬೆಂಗಳೂರಿನ ಫಾರ್ಮ್ಯಾಟ್ ಸರ್, ನಾವು ಹೆಸರು, ಬಾಡಿಗೆ ಮಾತ್ರ ಬದಲಿಸುವುದು” ಎಂದರು ಟೈಪಿಸ್ಟ್. ಆ ಸಾಲು ನನಗಿನ್ನೂ ಮಜಾ ಕೊಡುತ್ತಿದೆ.

11 ತಿಂಗಳು ಎಂದು ಬರೆಯುವುದೇಕೆಂದು ಎಲ್ಲರಿಗೂ ಗೊತ್ತು. ಒಂದು ವರ್ಷ ಮೀರಿದ ಗೇಣಿ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು ಯಾರಿಗೂ ಬೇಡ. ಹಾಗಿರುವಾಗ ನೋಂದಣಿ ತಪ್ಪಿಸಲು 11 ಎಂದು ಬರೆದವರು, ಬಾಡಿಗೆದಾರನನ್ನು ಕಟ್ಟಿಹಾಕಲು 24 ಎಂದೂ ಬರೆದಿದ್ದಾರೆ. 24 ನಿಜವಾದರೆ ಕಾಗದ ನೋಂದಣಿಯಾಗಬೇಕಿತ್ತು. ಆಗದ ಕಾಗದದ ಷರತ್ತನ್ನು ಕೋರ್ಟಿನಲ್ಲಿ ಪುರಾವೆಯಾಗಿ ಇಡುವುದು ಕಷ್ಟ. 11 ನಿಜವಾದರೆ ಹನ್ನೆರಡನೇ ತಿಂಗಳಿಗೆ ಬೀಗ ಹಾಕಲು ಬಾಗಿಲೇ ಇಲ್ಲ.

ಗೆಳೆಯನ ಬಾಡಿಗೆ 14,000, ಡೆಪಾಸಿಟ್ 70,000. ಆರು ತಿಂಗಳಿಗೇ ವರ್ಗವಾಯಿತು ಎಂದುಕೊಳ್ಳಿ. ಕಾಗದದ ಲೆಕ್ಕದಲ್ಲಿ ಉಳಿದ 18 ತಿಂಗಳಿಗೆ 2,52,000 ಬಾಕಿ. ಡೆಪಾಸಿಟ್ ಪೂರ್ತಿ ಹೋದರೂ ಸಾಲದು. ಆದರೆ 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಬರೆದಿಟ್ಟ ದಂಡ ಮೇಲ್ಮಿತಿ ಮಾತ್ರ, ಕೈಗೆ ಸಿಗುವುದು ನ್ಯಾಯವಾದ ಪರಿಹಾರ. ಮನೆ ಒಂದು ತಿಂಗಳು ಖಾಲಿಯಿದ್ದು ಅದೇ ಬಾಡಿಗೆಗೆ ಮತ್ತೊಬ್ಬರು ಬಂದರೆ ಮಾಲೀಕರ ನಷ್ಟ ಸುಮಾರು 14,000. ಹಾಗೆಂದು ಲಾಕ್-ಇನ್ ಎಲ್ಲವೂ ಮೋಸವಲ್ಲ. 11 ತಿಂಗಳೊಳಗಿನ ಆರು ತಿಂಗಳ ಲಾಕ್-ಇನ್ ನನಗೂ ಒಪ್ಪಿಗೆ, ಅದು ಮಾಲೀಕರನ್ನೂ ಕಟ್ಟುವುದಾದರೆ. ಗೆಳೆಯನ ಕಾಗದದಲ್ಲಿ ಮಾಲೀಕರು ಯಾವಾಗ ಬೇಕಾದರೂ ಒಂದು ತಿಂಗಳ ನೋಟಿಸಿನಲ್ಲಿ ಬಿಡಿಸಬಹುದಿತ್ತು!

ನೋಟಿಸಿನ ಬಗ್ಗೆ ಕಾಗದದಲ್ಲಿ ಏನೂ ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದು 15 ದಿನ. ಬರೆದಿದ್ದರೆ ಬರೆದದ್ದೇ ನಡೆಯುತ್ತದೆ. ಹಾಗಾಗಿ ಇಬ್ಬರಿಗೂ ಒಂದೇ ಅವಧಿ ಬರೆಸಿ, ನೋಟಿಸ್ ವಾಟ್ಸ್‌ಆ್ಯಪಿನಲ್ಲಿ ಕೊಟ್ಟರೆ ಸಾಕೇ ಎಂಬುದನ್ನೂ ಬರೆಸಿ.

ಡೆಪಾಸಿಟ್ಟಿನ ಜಗಳ ನಮ್ಮೂರಲ್ಲಿ ಹುಟ್ಟುವುದು ಗೋಡೆಯಲ್ಲಿ. ಒಂದು ಮಳೆಗಾಲ ಕಳೆದರೆ ಬೂಷ್ಟು ಹಿಡಿಯದ ಗೋಡೆ ಮಂಗಳೂರಲ್ಲಿ ಎಲ್ಲಿದೆ? ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು, ಸಹಜ ಸವೆತವನ್ನು ಬಿಟ್ಟು ಮನೆಯನ್ನು ಮೊದಲಿದ್ದ ಹಾಗೆ ಒಪ್ಪಿಸಬೇಕೆನ್ನುತ್ತದೆ. ಸೋರುವ ಮಾಡಿನ ಕಲೆ ಬಾಡಿಗೆದಾರನ ತಪ್ಪಲ್ಲ. ಮೊಳೆ ಹೊಡೆದ ತೂತು ಅವನದೇ. “ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಡಿತ” ಎಂದು ಸಹಿ ಹಾಕಿದ ಮೇಲೆ ಮಾತ್ರ ವಾದಕ್ಕೆ ಬಲ ಕಡಿಮೆ.

ಎಗ್ರಿಮೆಂಟಿಗೆ ಸಹಿ ಹಾಕುವ ಮುನ್ನ ಅವಧಿ ಮತ್ತು ಲಾಕ್-ಇನ್ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ, ಡೆಪಾಸಿಟ್ ಎಷ್ಟು ದಿನದೊಳಗೆ ವಾಪಸ್ ಎಂಬುದನ್ನು ಬರೆಸಿಕೊಳ್ಳಿ, ಕೀಲಿಕೈ ಪಡೆದ ದಿನವೇ ಗೋಡೆಗಳ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ.