ನಿಂತ ಮೇಲೂ ತೂಗುವ ಬಾಲ

ಗೇಮಿನಲ್ಲಿ ಓಡುತ್ತಿದ್ದ ನರಿ ಗಕ್ಕನೆ ನಿಂತರೂ ಬಾಲ ಒಂದೆರಡು ಸಲ ತೂಗಿಯೇ ಸುಮ್ಮನಾಗುತ್ತದೆ. ಆ ತೂಗಾಟವನ್ನು ಕಲಾವಿದರು ಚೌಕಟ್ಟು ಚೌಕಟ್ಟಾಗಿ ಬಿಡಿಸಿರುವುದಿಲ್ಲ. ಕಂಪ್ಯೂಟರ್ ಆ ಕ್ಷಣದಲ್ಲೇ ಲೆಕ್ಕ ಹಾಕುತ್ತದೆ.

ಬಾಲದೊಳಗೆ ಆರು ಮೂಳೆಗಳ ಸರಪಳಿ ಇದೆ ಎನ್ನೋಣ. ಪ್ರತಿ ಫ್ರೇಮಿನಲ್ಲೂ ಮೂಳೆಯ ತುದಿ ತನ್ನ ಹಿಂದಿನ ವೇಗದಲ್ಲೇ ಸಾಗಲು ನೋಡುತ್ತದೆ, ಸ್ಪ್ರಿಂಗ್ ಅದನ್ನು ಮೂಲ ಭಂಗಿಯತ್ತ ಎಳೆಯುತ್ತದೆ. ಆಮೇಲೆ ಮೂಳೆಯ ಉದ್ದ ಬದಲಾಗದಂತೆ ತುದಿಯನ್ನು ಸರಿಪಡಿಸಲಾಗುತ್ತದೆ. ಒಂದೊಂದು ಮೂಳೆಯೂ ಮುಂಚಿನದನ್ನು ತುಸು ತಡವಾಗಿ ಅನುಸರಿಸುವುದರಿಂದ ಅಲೆ ಬುಡದಿಂದ ತುದಿಗೆ ಹರಿಯುತ್ತದೆ.

ತೂಗಾಟವನ್ನು ತಗ್ಗಿಸುವುದು ಡ್ಯಾಂಪಿಂಗ್. ಅದು 0.1 ಇದ್ದರೆ ಪ್ರತಿ ಫ್ರೇಮಿಗೆ ವೇಗದ ಹತ್ತನೇ ಒಂದು ಪಾಲು ಕಳೆಯುತ್ತದೆ. 0.5 ಇಟ್ಟರೆ ಬಾಲ ಜೇನುತುಪ್ಪದಲ್ಲಿ ಮುಳುಗಿದಂತೆ ಜಡವಾಗುತ್ತದೆ. ಲೆಕ್ಕವನ್ನು ಸಮಯಕ್ಕೆ ಬದಲು ಫ್ರೇಮಿಗೆ ಕಟ್ಟಿದರೆ, ಸೆಕೆಂಡಿಗೆ 60 ಫ್ರೇಮಿನಲ್ಲಿ ಸರಿಯಿದ್ದ ಬಾಲ 30ಕ್ಕೆ ಇಳಿದಾಗ ಬೇರೆಯೇ ರೀತಿ ಅಲುಗುತ್ತದೆ.

ಬಾಗುವುದಕ್ಕೂ ಮಿತಿ ಬೇಕು. ಪ್ರತಿ ಕೀಲಿಗೆ 30 ಡಿಗ್ರಿ ಬಿಟ್ಟರೂ ಆರು ಸೇರಿ 180 ಆಗಿ, ಬಾಲ ಪೂರ್ತಿ ಹಿಂದಕ್ಕೆ ಮಡಚಿ ಬೆನ್ನೊಳಗೆ ತೂರಬಹುದು. ಆದ್ದರಿಂದ ಬುಡಕ್ಕೆ 10 ಡಿಗ್ರಿಯಿಂದ ಶುರುಮಾಡಿ ತುದಿಯತ್ತ ಸಡಿಲಿಸುತ್ತಾ ಹೋಗಬೇಕು. ಗಿಡ್ಡ ಕಿವಿಗೆ ಒಂದೆರಡು ಮೂಳೆ, ಬಿಗಿ ಸ್ಪ್ರಿಂಗ್ ಸಾಕು. ಹಗುರವಾದ ಮೀಸೆಕೊಂಬಿಗೆ ಡ್ಯಾಂಪಿಂಗ್ ಇನ್ನೂ ಕಡಿಮೆ ಇರಲಿ.