ಚಿಹ್ನೆಯಲ್ಲಿ ಬರೆಯದ ಎರಡು ಅಳತೆ

12 ಮಿ.ಮೀ. ದಪ್ಪದ ಎರಡು ಉಕ್ಕಿನ ಪ್ಲೇಟುಗಳನ್ನು ಅಂಚಿಗೆ ಅಂಚು ಕೂಡಿಸಿ, ಒಂದೇ ಕಡೆಯಿಂದ ಬೆಸೆಯಬೇಕು ಎಂದಿಟ್ಟುಕೊಳ್ಳಿ. ಅಂಚುಗಳನ್ನು ಹಾಗೇ ತಾಗಿಸಿಟ್ಟು ರಾಡ್ ಓಡಿಸಿದರೆ ಮೇಲಿನ ಕೆಲವೇ ಮಿಲಿಮೀಟರ್ ಕರಗಿ ಕೂಡುತ್ತದೆ. ಕೆಳಗಿನದು ಬೆಸೆಯದೆ ಸೀಳಿನಂತೆ ಉಳಿಯುತ್ತದೆ. ಅದಕ್ಕಾಗಿ ಎರಡೂ ಅಂಚುಗಳನ್ನು ಓರೆಯಾಗಿ ಕತ್ತರಿಸಿ, ನಡುವೆ ವಿ ಆಕಾರದ ಹಳ್ಳ ಮಾಡಿ, ಅದನ್ನು ಬುಡದಿಂದ ತುಂಬಿಸುತ್ತಾ ಬರುತ್ತಾರೆ.

ಈ ಹಳ್ಳ ಹೇಗಿರಬೇಕೆಂದು ಡ್ರಾಯಿಂಗಿನಲ್ಲಿ ಒಂದು ಪುಟ್ಟ ಚಿಹ್ನೆ ಹೇಳುತ್ತದೆ. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಪದ್ಧತಿಯ ಡ್ರಾಯಿಂಗ್ ಎದುರಿಗಿದೆ ಎನ್ನೋಣ. ಜಾಯಿಂಟನ್ನು ಮುಟ್ಟುವ ಬಾಣ, ಅದರ ಬಾಲಕ್ಕೆ ಒಂದು ಅಡ್ಡಗೆರೆ, ಗೆರೆಯ ಕೆಳಗೆ ಬಾಯಿ ಕೆಳಮುಖವಾದ ವಿ. ಗೆರೆಯ ಕೆಳಗಿದೆಯೆಂದರೆ ಬಾಣ ಮುಟ್ಟಿದ ಕಡೆಯಿಂದಲೇ ವೆಲ್ಡ್ ಮಾಡಬೇಕು. ವಿಯ ಒಳಗೆ 3 ಎಂದಿದೆ. ಅದರ ಬಾಯಿಯ ಹೊರಗೆ 60° ಇದೆ. ಎಡಗಡೆ 10(12) ಎಂದು ಬರೆದಿದೆ.

ಒಳಗಿನ 3 ಎಂದರೆ ರೂಟ್ ಗ್ಯಾಪ್: ಎರಡು ಪ್ಲೇಟುಗಳ ಬುಡದ ನಡುವೆ ಬಿಡಬೇಕಾದ ಸಂದು, 3 ಮಿ.ಮೀ. ಇದರಲ್ಲಿ ಗೊಂದಲವಿಲ್ಲ. ಆದರೆ ಗ್ಯಾಸ್ ಕಟಿಂಗ್ ಮಾಡುವವನಿಗೂ ಗ್ರೈಂಡರ್ ಹಿಡಿಯುವವನಿಗೂ ಬೇಕಾದ ಉಳಿದೆರಡು ಅಳತೆಗಳು, ಅಂದರೆ ಒಂದು ಅಂಚಿನ ಓರೆ ಮತ್ತು ಬುಡದಲ್ಲಿ ಕತ್ತರಿಸದೆ ಬಿಡುವ ರೂಟ್ ಫೇಸ್, ಈ ಚಿಹ್ನೆಯಲ್ಲಿ ಎಲ್ಲೂ ಬರೆದಿಲ್ಲ. ಅವನ್ನು ಲೆಕ್ಕ ಹಾಕಿಯೇ ತೆಗೆಯಬೇಕು.

60° ಎಂಬುದು ಇಡೀ ಹಳ್ಳದ ಕೋನ, ಎರಡು ಇಳಿಜಾರುಗಳ ನಡುವಿನದು. ಪ್ಲೇಟುಗಳೆರಡನ್ನೂ ಒಂದೇ ಓರೆಗೆ ಕತ್ತರಿಸುವುದಾದ್ದರಿಂದ ಒಂದೊಂದರ ಪಾಲಿಗೆ 30°. ಇದನ್ನು ತಿಳಿಯದೆ ಪ್ರತಿ ಅಂಚನ್ನೂ 60° ಓರೆ ಮಾಡಿದರೆ ಹಳ್ಳ 120° ಅಗಲಕ್ಕೆ ಬಾಯ್ತೆರೆಯುತ್ತದೆ. ಸರಿಯಾದ ಹಳ್ಳದ ಬಾಯಿ ಸುಮಾರು 14.5 ಮಿ.ಮೀ. ಇದ್ದರೆ, ತಪ್ಪಿದ್ದರದ್ದು 37 ದಾಟುತ್ತದೆ. ಒಂದು ಮೀಟರ್ ಉದ್ದದ ಹಳ್ಳ ತುಂಬಲು ಮುಕ್ಕಾಲು ಕಿಲೋ ಲೋಹ ಸಾಕಾಗುವ ಕಡೆ ಒಂದೂವರೆ ಕಿಲೋಗಿಂತ ಹೆಚ್ಚು ಬೇಕಾಗುತ್ತದೆ. ರಾಡಿನ ಖರ್ಚು ಹೋಗಲಿ, ಅಷ್ಟು ಹೆಚ್ಚು ಲೋಹ ಆರುವಾಗ ಕುಗ್ಗಿ, ಪ್ಲೇಟುಗಳನ್ನು ಮೇಲಕ್ಕೆಳೆದು ಬಾಗಿಸುತ್ತದೆ. ಚಿಹ್ನೆ ವಿ ಆಗಿರದೆ ಒಂದೇ ಬದಿ ಓರೆಯಾಗಿದ್ದರೆ ಮಾತ್ರ ಬರೆದ ಕೋನವೇ ಆ ಒಂದು ಅಂಚಿನ ಓರೆ. ಆಗ ಬಾಣದ ಗೆರೆ ನಡುವೆ ಮುರಿದು, ಓರೆ ಮಾಡಬೇಕಾದ ಪ್ಲೇಟಿನತ್ತ ತಿರುಗುತ್ತದೆ.

ಇನ್ನು ರೂಟ್ ಫೇಸ್. ಎಡಗಡೆಯ 10 ಎಂದರೆ ಅಂಚನ್ನು ಓರೆಯಾಗಿ ಕತ್ತರಿಸಬೇಕಾದ ಆಳ. ಪ್ಲೇಟಿನ ದಪ್ಪ 12ರಲ್ಲಿ ಅದನ್ನು ಕಳೆದರೆ 2 ಮಿ.ಮೀ. ಬುಡದಲ್ಲಿ ನೆಟ್ಟಗೆ ಉಳಿಯಬೇಕು. ಆವರಣದೊಳಗಿನ 12 ಬೇರೆಯೇ ಮಾತು. ಅದು ಮುಗಿದ ವೆಲ್ಡಿನ ಆಳ. ಕತ್ತರಿಸದ ಆ 2 ಮಿ.ಮೀ. ಕೂಡ ಕರಗಿ ಬೆಸೆದಿರಬೇಕು ಎಂದು ಅದರರ್ಥ. ನನ್ನ ಅನುಭವದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. 12 ಕಂಡು 12ರ ಆಳಕ್ಕೂ ಕತ್ತರಿಸಿಬಿಟ್ಟರೆ ಅಂಚು ಚಾಕುವಿನ ಬಾಯಿಯಂತಾಗಿ, ಮೊದಲ ರನ್ನಿನಲ್ಲೇ ಕರಗಿ ತೂತು ಬೀಳುತ್ತದೆ. ಎಡಗಡೆ ಏನೂ ಬರೆಯದ ಚಿಹ್ನೆಗಳೂ ಬರುತ್ತವೆ. ಆಗ ಪೂರ್ತಿ ದಪ್ಪ ಬೆಸೆಯಬೇಕು ಎಂದರ್ಥ, ಆದರೆ ರೂಟ್ ಫೇಸ್ ಎಷ್ಟೆಂಬುದನ್ನು ವೆಲ್ಡಿಂಗ್ ವಿಧಾನದ ದಾಖಲೆಯಲ್ಲೇ ನೋಡಬೇಕು, ಊಹಿಸಬಾರದು.

ಗುರುತು ಹಾಕುವುದು ಹೀಗೆ: ಪ್ಲೇಟಿನ ಮೇಲ್ಮೈಯಲ್ಲಿ ಅಂಚಿನಿಂದ 5.8 ಮಿ.ಮೀ. ಒಳಗೆ ಒಂದು ಗೆರೆ, ಪಕ್ಕದ ದಪ್ಪದಲ್ಲಿ ತಳದಿಂದ 2 ಮಿ.ಮೀ. ಮೇಲೆ ಇನ್ನೊಂದು. ಎರಡನ್ನೂ ಕೂಡಿಸುವ ಇಳಿಜಾರು 30°ಗೆ ಬರುತ್ತದೆ. ಕತ್ತರಿಸಿದ ಮೇಲೆ ಕೋನಮಾಪಕ ಹಿಡಿದು ನೋಡಿದರೆ ತಪ್ಪಿದ್ದು ಅಲ್ಲೇ ಕಾಣುತ್ತದೆ. ಆಮೇಲೆ ಜೋಡಿಸುವಾಗ ಫ್ಲಕ್ಸ್ ಉದುರಿಸಿದ 3.15 ಮಿ.ಮೀ. ರಾಡನ್ನು ಬಗ್ಗಿಸಿ ಸಂದಿನಲ್ಲಿಟ್ಟು, ಟ್ಯಾಕ್ ಹಾಕುವುದು ರೂಢಿ.

ಸಂದು ಎಲ್ಲ ಕಡೆ ಒಂದೇ ಇದ್ದರೂ ವೆಲ್ಡ್ ಮುಂದೆ ಹೋದ ಹಾಗೆ ಲೋಹ ಕುಗ್ಗಿ ಪ್ಲೇಟುಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಉದ್ದ ಜಾಯಿಂಟಿನ ಕೊನೆಯಲ್ಲಿ 3 ಇದ್ದದ್ದು 2ಕ್ಕೆ ಇಳಿದಿರಬಹುದು. ಹಳಬರು ಆ ತುದಿಯನ್ನು ಮೊದಲೇ ಸ್ವಲ್ಪ ಅಗಲ ಬಿಡುವುದು ಇದಕ್ಕೇ. ಹೀಗೆ ಮಾಡದೆ ಮುಗಿಸಿದ ಜಾಯಿಂಟನ್ನು ತಿರುವಿ ಹಿಂಬದಿ ನೋಡಿ. ಆರಂಭದಲ್ಲಿ ಬೆಸುಗೆ ಸಣ್ಣ ದಿಂಡಿನಂತೆ ಹೊರಬಂದಿರುತ್ತದೆ. ಕೊನೆಯತ್ತ ಹೋದಂತೆ ಆ ದಿಂಡು ಸೊರಗಿ, ಎರಡು ರೂಟ್ ಫೇಸುಗಳ ನಡುವಿನ ಕಪ್ಪು ಗೆರೆ ಹಾಗೇ ಉಳಿದಿರುತ್ತದೆ. ಆ ಗೆರೆ ಇರುವಷ್ಟು ಉದ್ದವನ್ನು ಹಿಂಬದಿಯಿಂದ ಗ್ರೈಂಡರಿನಲ್ಲಿ ಕೆತ್ತಿ, ಗಟ್ಟಿ ಲೋಹ ಕಾಣಿಸಿದ ಮೇಲೆ ಮತ್ತೆ ತುಂಬಬೇಕು.