ಆಡಿಟ್ ವರದಿಯ ಎರಡು ಪ್ಯಾರಾ, ಎರಡು ಬೇರೆ ಮಾತು

ಸಣ್ಣ ಕಂಪನಿಗಳ ಮಾಲೀಕರು ಆಡಿಟ್ ವರದಿ ಕೈಗೆ ಬಂದ ಕೂಡಲೇ ಮೊದಲು ನೋಡುವುದು ಕೊನೆಯ ಪುಟದ ಸಹಿ, ಸೀಲು. ಆಮೇಲೆ ಅದು ಫೈಲಿಗೆ ಹೋಗುತ್ತದೆ, ಅದರ ಪ್ರತಿಯೊಂದು ಬ್ಯಾಂಕಿಗೆ ಹೋಗುತ್ತದೆ. ನಡುವಿನ ಇಂಗ್ಲಿಷ್ ಪುಟಗಳೆಲ್ಲ ಪ್ರತಿವರ್ಷ ಒಂದೇ ಥರ ಕಾಣುವುದರಿಂದ ಯಾರೂ ಓದುವುದಿಲ್ಲ. ನಿಜಕ್ಕೂ ಅವು ಬಹುಪಾಲು ಒಂದೇ ಥರ ಇರುತ್ತವೆ. ಆದರೆ ಮೊದಲ ಪುಟದ ಶೀರ್ಷಿಕೆಯಲ್ಲಿ ಬರೀ ‘ಒಪಿನಿಯನ್’ ಎಂದು ಇರಬೇಕಾದ ಕಡೆ ‘ಕ್ವಾಲಿಫೈಡ್ ಒಪಿನಿಯನ್’ ಎಂದಿದ್ದರೆ ಆ ವರ್ಷದ ಕಥೆಯೇ ಬೇರೆ. ‘ಕ್ವಾಲಿಫೈಡ್’ ಎಂದರೆ ಪಾಸಾಗಿದೆ ಎಂದುಕೊಂಡು ನೆಮ್ಮದಿಯಾಗಿದ್ದು, ಬ್ಯಾಂಕಿನಿಂದ ಫೋನ್ ಬಂದ ಮೇಲೆ ಗಾಬರಿಯಾಗುವವರು ಇದ್ದಾರೆ. ಅದರ ಅರ್ಥ ಪಾಸು ಎಂದಲ್ಲ, ‘ಇದೊಂದು ವಿಷಯ ಬಿಟ್ಟು ಉಳಿದದ್ದು ಸರಿ’ ಎಂದು.

ಒಂದು ಲೆಕ್ಕ ಹಿಡಿದು ನೋಡೋಣ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ಬಿಡಿಭಾಗ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. ಗಂಡ ಹೆಂಡತಿ ಇಬ್ಬರೇ ಡೈರೆಕ್ಟರುಗಳು. ಈ ವರ್ಷ ತೆರಿಗೆಗೆ ಮುಂಚಿನ ಲಾಭ 52 ಲಕ್ಷ ಎಂದು ಲೆಕ್ಕಪತ್ರ ಹೇಳುತ್ತದೆ. ಬರಬೇಕಾದ ಬಾಕಿಗಳ ಪಟ್ಟಿಯಲ್ಲಿ ಒಬ್ಬ ಗಿರಾಕಿಯ ಹೆಸರಿನಲ್ಲಿ 18 ಲಕ್ಷ ಇದೆ. ಮೂರು ವರ್ಷದ ಹಳೆಯ ಬಿಲ್ಲು, ಆ ಗಿರಾಕಿಯ ಘಟಕ ಬಾಗಿಲು ಮುಚ್ಚಿದೆ, ಬಾಕಿ ಖಚಿತಪಡಿಸಿ ಎಂದು ಆಡಿಟರ್ ಬರೆದ ಪತ್ರಕ್ಕೆ ಉತ್ತರವಿಲ್ಲ. ‘ಬರುತ್ತದೆ ಸಾರ್, ನನಗೆ ಅವರು ಗೊತ್ತು’ ಎನ್ನುವುದು ಮಾಲೀಕರ ಮಾತು. ಹಾಗಾಗಿ ಪುಸ್ತಕದಲ್ಲಿ ಈ ಬಾಕಿಗೆ ಪ್ರಾವಿಷನ್ ಮಾಡಿಲ್ಲ, ಅಂದರೆ ಬಾರದ ಹಣ ಎಂದು ಖರ್ಚಿಗೆ ಹಾಕಿಲ್ಲ.

ಆಡಿಟರ್‌ಗೆ ಇಲ್ಲಿ ಬೇಕಾಗಿರುವುದು ನಂಬಿಕೆಯಲ್ಲ, ಪುರಾವೆ. ಅದು ಸಿಗದಿದ್ದಾಗ ಅವರು ‘ಕ್ವಾಲಿಫೈಡ್ ಒಪಿನಿಯನ್’ ಕೊಡುತ್ತಾರೆ. ಅದರ ಕೆಳಗೆ ‘ಬೇಸಿಸ್ ಫಾರ್ ಕ್ವಾಲಿಫೈಡ್ ಒಪಿನಿಯನ್’ ಎಂಬ ಭಾಗದಲ್ಲಿ ಕಾರಣ ಬರೆಯುತ್ತಾರೆ: ಈ 18 ಲಕ್ಷಕ್ಕೆ ಪ್ರಾವಿಷನ್ ಮಾಡಿಲ್ಲ, ಮಾಡಿದ್ದರೆ ತೆರಿಗೆಗೆ ಮುಂಚಿನ ಲಾಭ 52ರ ಬದಲು 34 ಲಕ್ಷ ಆಗುತ್ತಿತ್ತು, ಬಾಕಿಗಳ ಮೊತ್ತವೂ ಅಷ್ಟೇ ಇಳಿಯುತ್ತಿತ್ತು. ಪರಿಣಾಮವನ್ನು ರೂಪಾಯಿಯಲ್ಲಿ ಹೇಳಲು ಸಾಧ್ಯವಿದ್ದರೆ ಹೇಳಲೇಬೇಕು ಎಂದು ಲೆಕ್ಕಪರಿಶೋಧನೆಯ ಮಾನದಂಡ ಎಸ್‌ಎ 705 ವಿಧಿಸುತ್ತದೆ. ವರದಿಯ ಮುಖ್ಯ ವಾಕ್ಯದಲ್ಲಿ ‘ಎಕ್ಸೆಪ್ಟ್ ಫಾರ್’ ಎಂಬ ಎರಡು ಪದ ಸೇರಿಕೊಳ್ಳುತ್ತವೆ. ಮಾಲೀಕರು ಬೆರಳಿಟ್ಟು ಹುಡುಕಬೇಕಾದದ್ದು ಆ ಎರಡು ಪದಗಳನ್ನೇ.

ಇದೇ ವಾಕ್ಯದಲ್ಲಿ ಕೆಲವೊಮ್ಮೆ ‘ಎಫೆಕ್ಟ್ಸ್’ ಬದಲು ‘ಪಾಸಿಬಲ್ ಎಫೆಕ್ಟ್ಸ್’ ಎಂದಿರುತ್ತದೆ. ಆಗ ಆಡಿಟರ್ ಹೇಳುತ್ತಿರುವುದು ಲೆಕ್ಕ ತಪ್ಪು ಎಂದಲ್ಲ, ಪರೀಕ್ಷಿಸಲು ಆಗಲಿಲ್ಲ ಎಂದು. ಮಾರ್ಚ್ 31ರ ದಾಸ್ತಾನು ಎಣಿಕೆ ಮುಗಿದ ಮೇಲೆ ನೇಮಕವಾದ ಆಡಿಟರ್‌ಗೆ, ಬೇರೆ ದಾರಿಯಿಂದಲೂ ಆ ಸ್ಟಾಕ್ ಇತ್ತೆಂದು ಖಚಿತಪಡಿಸಿಕೊಳ್ಳಲು ಆಗದಿದ್ದರೆ ಹೀಗೆ ಬರೆಯುತ್ತಾರೆ.

ದೋಷ ದೊಡ್ಡದೇ, ಆದರೆ ಒಂದು ಬಾಬ್ತಿನಲ್ಲೇ ನಿಂತಿದೆ ಎನ್ನುವಾಗ ಮಾತ್ರ ‘ಕ್ವಾಲಿಫೈಡ್’. ಅದು ಲೆಕ್ಕಪತ್ರದ ತುಂಬ ಹರಡಿದ್ದರೆ ಲೆಕ್ಕವೇ ಸರಿಯಿಲ್ಲ ಎನ್ನುವ ‘ಅಡ್ವರ್ಸ್’ ಬರುತ್ತದೆ. ಪುರಾವೆಯ ಕೊರತೆ ಅಷ್ಟು ಹರಡಿದ್ದರೆ ಅಭಿಪ್ರಾಯವನ್ನೇ ಕೊಡದ ‘ಡಿಸ್‌ಕ್ಲೇಮರ್’ ಬರುತ್ತದೆ.

ಈಗ ಎರಡನೆಯ ಪ್ಯಾರಾ. ಅದೇ ಕಂಪನಿಗೆ ಹಿಂದಿನ ವರ್ಷವೊಂದರ ಇನ್‌ಪುಟ್ ಕ್ರೆಡಿಟ್ ವಿಚಾರದಲ್ಲಿ 26 ಲಕ್ಷ ಜಿಎಸ್‌ಟಿ ಕಟ್ಟಬೇಕೆಂದು ಆದೇಶ ಬಂದಿದೆ. ಮಾಲೀಕರು ಮೇಲ್ಮನವಿ ಹಾಕಿದ್ದಾರೆ, ಅದಕ್ಕಾಗಿ ವಿವಾದದಲ್ಲಿರುವ ತೆರಿಗೆಯ ಶೇ. 10ರಷ್ಟನ್ನು ಕಟ್ಟಿದ್ದಾರೆ. ಗೆಲ್ಲುವ ಸಾಧ್ಯತೆ ಚೆನ್ನಾಗಿದೆ ಎಂದು ವಕೀಲರು ಬರೆದುಕೊಟ್ಟಿದ್ದಾರೆ. ಹಣ ಕಟ್ಟಬೇಕಾಗಿ ಬರುವುದೇ ಹೆಚ್ಚು ಸಂಭವ ಎಂದಿದ್ದರೆ ಖರ್ಚಿಗೆ ಹಾಕಬೇಕಿತ್ತು. ಬರಬಹುದು, ಬಾರದೆಯೂ ಇರಬಹುದು ಎಂಬ ಸ್ಥಿತಿಯಲ್ಲಿ ಟಿಪ್ಪಣಿಯಲ್ಲಿ ತಿಳಿಸಿದರೆ ಸಾಕು. ಕಂಪನಿ ಹಾಗೇ ಮಾಡಿದೆ. 29ನೇ ಟಿಪ್ಪಣಿಯಲ್ಲಿ ಆದೇಶ, ಮೊತ್ತ, ಮೇಲ್ಮನವಿಯ ಹಂತ ಎಲ್ಲವೂ ಇವೆ.

ಲೆಕ್ಕ ಸರಿಯಾಗಿದೆ. ಆದರೂ ಒಟ್ಟು ಸ್ವಂತ ಬಂಡವಾಳವೇ 1 ಕೋಟಿ 40 ಲಕ್ಷ ಇರುವ ಕಂಪನಿಗೆ 26 ಲಕ್ಷ ಸಣ್ಣ ಮಾತಲ್ಲ. ಓದುವವರು ಈ ಟಿಪ್ಪಣಿ ನೋಡದೆ ಮುಂದೆ ಹೋಗಬಾರದೆಂದು ಆಡಿಟರ್ ‘ಎಂಫಸಿಸ್ ಆಫ್ ಮ್ಯಾಟರ್’ ಎಂಬ ಶೀರ್ಷಿಕೆಯಡಿ 29ನೇ ಟಿಪ್ಪಣಿಯ ಕಡೆ ಗಮನ ಸೆಳೆಯುತ್ತಾರೆ. ಕೊನೆಗೆ ‘ಅವರ್ ಒಪಿನಿಯನ್ ಈಸ್ ನಾಟ್ ಮಾಡಿಫೈಡ್’ ಎಂಬ ವಾಕ್ಯ ಕಡ್ಡಾಯವಾಗಿ ಇರುತ್ತದೆ. ಇದರಿಂದ ನಮ್ಮ ಅಭಿಪ್ರಾಯ ಬದಲಾಗಿಲ್ಲ ಎಂದು ಅದರ ಅರ್ಥ. ಮೇಷ್ಟ್ರು ಉತ್ತರ ಪತ್ರಿಕೆಯಲ್ಲಿ ಅಂಕ ಕಳೆಯದೆ ಒಂದು ಸಾಲಿನ ಕೆಳಗೆ ಗೆರೆ ಎಳೆದ ಹಾಗೆ.

ಇಲ್ಲೊಂದು ಸೂಕ್ಷ್ಮ ಇದೆ, ಅದನ್ನು ಮಾಲೀಕರಿಗೆ ಬಿಡಿಸಿ ಹೇಳುವವರು ಕಡಿಮೆ. ಈ ಪ್ಯಾರಾ ನಿಂತಿರುವುದು 29ನೇ ಟಿಪ್ಪಣಿಯ ಮೇಲೆ. ‘ಜಿಎಸ್‌ಟಿ ವಿಷಯ ಬ್ಯಾಂಕಿಗೆ ಗೊತ್ತಾಗುವುದು ಬೇಡ’ ಎಂದು ಮಾಲೀಕರು ಆ ಟಿಪ್ಪಣಿಯನ್ನೇ ಬಿಟ್ಟರೆ ಆಡಿಟರ್‌ಗೆ ಗಮನ ಸೆಳೆಯಲು ಏನೂ ಉಳಿಯುವುದಿಲ್ಲ. ತಿಳಿಸಬೇಕಾದದ್ದನ್ನು ತಿಳಿಸಿಲ್ಲ ಎಂಬುದೇ ದೋಷವಾಗಿ ಅದೇ 26 ಲಕ್ಷ ‘ಕ್ವಾಲಿಫೈಡ್’ ಕಡೆ ಹೋಗುತ್ತದೆ. ಮುಚ್ಚಿಡಲು ಹೋಗಿ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡಂತೆ ಆಗುತ್ತದೆ.

ಇನ್ನೊಂದು ಬೇಡಿಕೆಯನ್ನು ಆಡಿಟರುಗಳು ಪದೇಪದೇ ಕೇಳುತ್ತಾರೆ: ‘ಆ 18 ಲಕ್ಷದ ವಿಷಯವನ್ನೂ ಎಂಫಸಿಸ್‌ನಲ್ಲೇ ಹಾಕಿಬಿಡಿ ಸಾರ್.’ ಹಾಗೆ ಮಾಡಲು ಬರುವುದಿಲ್ಲ. ಅಂಕಿ ತಪ್ಪಾಗಿದ್ದರೆ ಅದನ್ನು ಗಮನ ಸೆಳೆಯುವ ಪ್ಯಾರಾದಲ್ಲಿ ಅಡಗಿಸಬಾರದು ಎಂದು ಎಸ್‌ಎ 706 ನೇರವಾಗಿ ಹೇಳುತ್ತದೆ. ಇದಕ್ಕೆ ಒತ್ತಾಯಿಸುವುದು ಆಡಿಟರ್‌ಗೂ ಕಂಪನಿಗೂ ಒಳ್ಳೆಯದಲ್ಲ ಎಂದೇ ನನ್ನ ಅಭಿಪ್ರಾಯ.

ಎರಡರ ಪರಿಣಾಮವೂ ಬೇರೆ. ‘ಕ್ವಾಲಿಫೈಡ್’ ಬಂದರೆ ಕಂಪನಿ ಕಾಯ್ದೆ 2013ರ 134ನೇ ಕಲಂ ಪ್ರಕಾರ ಡೈರೆಕ್ಟರುಗಳು ತಮ್ಮ ವರದಿಯಲ್ಲಿ ಪ್ರತಿಯೊಂದು ಆಕ್ಷೇಪಕ್ಕೂ ವಿವರಣೆ ಕೊಡಬೇಕು. ‘ಗಮನಿಸಲಾಗಿದೆ’ ಎಂಬ ಒಂದು ಪದ ವಿವರಣೆಯಲ್ಲ. ಯಾವಾಗಿನ ಬಿಲ್ಲು, ವಸೂಲಿಗೆ ಏನು ಮಾಡಿದ್ದೀರಿ, ಏಕೆ ಪ್ರಾವಿಷನ್ ಮಾಡಿಲ್ಲ ಎಂದು ಬರೆಯಬೇಕು. ಬ್ಯಾಂಕಿನ ಸಾಲ ವಿಭಾಗದವರು ಸಾಮಾನ್ಯವಾಗಿ ಈ 18 ಲಕ್ಷವನ್ನು ಕಳೆದೇ ನಿಮ್ಮ ಲಾಭವನ್ನೂ ಬಂಡವಾಳವನ್ನೂ ಲೆಕ್ಕ ಹಾಕುತ್ತಾರೆ. ‘ಎಂಫಸಿಸ್’ಗೆ 134ನೇ ಕಲಂನ ಈ ಹೊಣೆ ಇಲ್ಲ. ಅಲ್ಲಿ ಬ್ಯಾಂಕಿನವರು ಕೇಳುವುದು ಮೇಲ್ಮನವಿಯ ಪ್ರತಿ, ಕಟ್ಟಿದ ಚಲನ್, ವಕೀಲರ ಅಭಿಪ್ರಾಯ. ಅವನ್ನು ಮೊದಲೇ ಜೋಡಿಸಿಟ್ಟುಕೊಂಡರೆ ಮುಗಿಯಿತು.

‘ಕ್ವಾಲಿಫೈಡ್’ ತಪ್ಪಿಸಲು ಮಾಲೀಕರ ಕೈಯಲ್ಲಿ ದಾರಿ ಇದೆ, ಆದರೆ ಅದು ಸಹಿಗೆ ಮುಂಚೆ. ಆಕ್ಷೇಪ ಬರುವ ಹಾಗಿದ್ದರೆ ಆಡಿಟರ್ ಅದನ್ನೂ, ತಾವು ಬರೆಯಲಿರುವ ಮಾತುಗಳನ್ನೂ ಮೊದಲೇ ನಿಮಗೆ ತಿಳಿಸಬೇಕು. ಆಗ 18 ಲಕ್ಷಕ್ಕೆ ಪ್ರಾವಿಷನ್ ಮಾಡಿ ಲಾಭ 34 ಲಕ್ಷ ಎಂದು ತೋರಿಸಿದರೆ ಆಕ್ಷೇಪ ಬಿದ್ದುಹೋಗುತ್ತದೆ, ವರದಿ ಸ್ವಚ್ಛವಾಗುತ್ತದೆ. ಇಲ್ಲವೇ ವರದಿಗೆ ಸಹಿ ಬೀಳುವುದರೊಳಗೆ ಆ ಗಿರಾಕಿ ಹಣ ಹಾಕಿದರೆ ಬ್ಯಾಂಕ್ ಸ್ಟೇಟ್‌ಮೆಂಟೇ ಪುರಾವೆ. ಪ್ರಾವಿಷನ್ ಮಾಡಿದ ಮಾತ್ರಕ್ಕೆ ವಸೂಲಿಯ ಹಕ್ಕು ಹೋಗುವುದಿಲ್ಲ, ಮುಂದೆ ಹಣ ಬಂದರೆ ಆ ವರ್ಷದ ಆದಾಯಕ್ಕೆ ಸೇರುತ್ತದೆ.

ಹಾಗಾಗಿ ಈ ವರ್ಷ ಆಡಿಟರ್ ಹತ್ತಿರ ಸಹಿಗೆ ಮುಂಚಿನ ಕರಡು ಪ್ರತಿ ಕೇಳಿ. ಇಂಗ್ಲಿಷ್ ಬಾರದಿದ್ದರೆ ಆ ಎರಡು ಶೀರ್ಷಿಕೆಗಳ ಕೆಳಗಿನದನ್ನಷ್ಟೇ ಕನ್ನಡದಲ್ಲಿ ಓದಿ ಹೇಳಿ ಎನ್ನಿ, ಅದು ನಿಮ್ಮ ಹಕ್ಕು. ಸಹಿಯಾಗಿ ವಾರ್ಷಿಕ ಸಭೆ ಮುಗಿದ ಮೇಲೆ 30 ದಿನಗಳೊಳಗೆ ಅದು ಎಒಸಿ-4 ನಮೂನೆಯೊಂದಿಗೆ ಸರ್ಕಾರದ ಕಡತಕ್ಕೆ ಸೇರುತ್ತದೆ.